ಎಕ್ಸ್‌ನಲ್ಲಿ ರಕ್ತದಾನ ಶಿಬಿರದ ಪೋಸ್ಟ್ 280ಕ್ಕೆ ಇಳೀತಿಲ್ಲ, ಯಾವುದನ್ನ ಕತ್ತರಿಸ್ಲಿ?

ಸಾಗರದ_ಹುಡುಗ
ನಮ್ಮ ಸಂಘದ ಅಕೌಂಟ್ ನಾನೇ ನೋಡ್ಕೊಳ್ಳೋದು. ಅಧ್ಯಕ್ಷರು ಕರಪತ್ರಕ್ಕೆ ಬರೆದಿದ್ದನ್ನೇ ಎಕ್ಸ್‌ಗೂ ಹಾಕು ಅಂದ್ರು, ಪೇಸ್ಟ್ ಮಾಡಿದ್ರೆ ಲಿಂಕ್ ಸೇರಿ -183 ತೋರಿಸ್ತಿದೆ. ಇದೇ ಅದು:

"ಆತ್ಮೀಯ ಬಂಧುಗಳೇ, ವಿಶ್ವ ರಕ್ತದಾನಿಗಳ ದಿನಾಚರಣೆಯ ಅಂಗವಾಗಿ ನಮ್ಮ ಸಂಘದ ವತಿಯಿಂದ ಪ್ರತಿ ವರ್ಷದಂತೆ ಈ ವರ್ಷವೂ ಸಹ ದಿನಾಂಕ 14-06-2026ರ ಭಾನುವಾರದಂದು ಬೆಳಿಗ್ಗೆ 9 ಗಂಟೆಯಿಂದ ಮಧ್ಯಾಹ್ನ 1 ಗಂಟೆಯವರೆಗೆ ಹೈಸ್ಕೂಲ್ ಸಭಾಂಗಣದಲ್ಲಿ ಬೃಹತ್ ರಕ್ತದಾನ ಶಿಬಿರವನ್ನು ಹಮ್ಮಿಕೊಳ್ಳಲಾಗಿದೆ. 18ರಿಂದ 65 ವರ್ಷದೊಳಗಿನ, 45 ಕೆಜಿಗಿಂತ ಹೆಚ್ಚು ತೂಕವುಳ್ಳ ಆರೋಗ್ಯವಂತರು ರಕ್ತದಾನ ಮಾಡಬಹುದಾಗಿದೆ. ಖಾಲಿ ಹೊಟ್ಟೆಯಲ್ಲಿ ಬರಬಾರದಾಗಿ ವಿನಂತಿ. ಆಸಕ್ತರು ಶುಕ್ರವಾರದೊಳಗೆ ಈ ಕೆಳಗಿನ ಲಿಂಕ್ ಮೂಲಕ ತಮ್ಮ ಹೆಸರನ್ನು ನೋಂದಾಯಿಸಿಕೊಳ್ಳಬೇಕಾಗಿ ಕೋರಲಾಗಿದೆ." ಆಮೇಲೆ ಗೂಗಲ್ ಫಾರ್ಮ್ ಲಿಂಕ್.

ನಾನು ಬೆರಳಲ್ಲಿ ಎಣಿಸಿದ್ರೆ ಇಷ್ಟೊಂದು ಅಕ್ಷರ ಇಲ್ವಲ್ಲ, ಎಲ್ಲಿಂದ ಬಂತು ಈ ಲೆಕ್ಕ? ಜನ ಹೆಸರು ಕೊಡೋದು ಮುಖ್ಯ, ಅದು ಹೋಗಬಾರದು.

ಚುಟುಕು_ಚಂದ್ರು
ಸಿಂಪಲ್ ಗುರು, ಲಿಂಕ್ ಉದ್ದ ಇದೆ ಅಲ್ವಾ, ಶಾರ್ಟ್ ಲಿಂಕ್ ಮಾಡ್ಕೋ. ಮತ್ತೆ ಕನ್ನಡದಲ್ಲಿ ಒತ್ತು, ದೀರ್ಘ ಎಲ್ಲಾ ಬೇರೆ ಬೇರೆ ಎಣಿಸ್ತಾರೆ, ಅದಕ್ಕೇ ಜಾಸ್ತಿ ಬಂದಿದ್ದು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರಿ, ಅರ್ಧಕ್ಕೆ ಇಳಿಯುತ್ತೆ.

ಗಿರಿಜಾ_ಪ್ರೂಫ್
ಚಂದ್ರು ಅವರೇ, ಒತ್ತಿನ ವಿಷ್ಯ ಸರಿ, ಉಳಿದೆರಡು ಇಲ್ಲಿ ನಡೆಯಲ್ಲ. ಎಕ್ಸ್‌ನಲ್ಲಿ ಲಿಂಕ್ ಎಷ್ಟೇ ಉದ್ದ ಇರ್ಲಿ, ಗಿಡ್ಡ ಇರ್ಲಿ, 23 ಅಂತಲೇ ಎಣಿಸೋದು, ಹಾಗಾಗಿ ಶಾರ್ಟ್ ಲಿಂಕ್ ಮಾಡಿ ಒಂದು ಅಕ್ಷರವೂ ಉಳಿಯಲ್ಲ. ಇಂಗ್ಲಿಷ್ ಅಕ್ಷರದ್ದು ನೀವೇ ಟೈಪ್ ಮಾಡಿ ನೋಡಿ: ರಕ್ತದಾನ ಕನ್ನಡದಲ್ಲಿ 7, raktadana ಅಂತ ಬರೆದ್ರೆ 9.

ಹುಡುಗ ಅವರೇ, ನಿಮ್ಮ ಬೆರಳೆಣಿಕೆ ತಪ್ಪಿದ್ದು ಇಲ್ಲಿ: ಹಮ್ಮಿಕೊಳ್ಳಲಾಗಿದೆ ಕಣ್ಣಿಗೆ ಏಳಕ್ಷರ, ಲೆಕ್ಕಕ್ಕೆ 16. ಮೂಲ ಅಕ್ಷರ, ಅದರ ಸ್ವರಚಿಹ್ನೆ, ಒತ್ತು ಮಾಡೋ ಅರ್ಧಾಕ್ಷರದ ಚಿಹ್ನೆ, ಎಲ್ಲಾ ಒಂದೊಂದು. ಹಾಗಂತ ಒತ್ತಕ್ಷರ ಹುಡುಕಿ ತೆಗೀತಾ ಕೂತರೆ ಪೋಸ್ಟ್ ವಿಕಾರ ಆಗುತ್ತೆ, ಸಿಗೋದೂ ನಾಲ್ಕೈದು. ಜಾಗ ತಿಂದಿರೋದು ಬೇರೆ ಕಡೆ. "ಆತ್ಮೀಯ"ದಿಂದ ಹಿಡಿದು "ದಿನಾಂಕ"ದವರೆಗೆ 102 ಹೋಗಿದೆ, ಅಷ್ಟು ಓದಿದ್ರೂ ಏನು ಮಾಡ್ಬೇಕು ಅಂತ ಗೊತ್ತಾಗಲ್ಲ. ಮೊದಲು ನೀವು ಒಂದು ಸಲ ಕತ್ತರಿಸಿ ಹಾಕಿ, ನೋಡೋಣ.

ಶಾಂತಕ್ಕ_ಟೀಚರ್
ನಮ್ ಸ್ಕೂಲಲ್ಲೂ ಇದೇ ಗೋಳು, ಪೇರೆಂಟ್ಸ್‌ಗೆ ಕನ್ನಡದಲ್ಲಿ ಮೆಸೇಜ್ ಕಳ್ಸಿದ್ರೆ 70ಕ್ಕೆ ಮುಗಿದುಹೋಗುತ್ತೆ, ಉದ್ದ ಆದ್ರೆ ತುಂಡಿಗೆ 67, ಒಂದು ನೋಟಿಸ್‌ಗೆ ಮೂರು ಮೆಸೇಜಿನ ದುಡ್ಡು. ನಾವು ಇಂಗ್ಲಿಷ್ ಅಕ್ಷರದಲ್ಲೇ ಕಳ್ಸೋದು, 160 ಸಿಗುತ್ತೆ. ಇವರೂ ಹಾಗೇ ಮಾಡ್ಬಹುದಲ್ಲ?

ಗಿರಿಜಾ_ಪ್ರೂಫ್
ಟೀಚರ್, ಅದು ಎಸ್ಸೆಮ್ಮೆಸ್, ಇವರು ಕೇಳಿದ್ದು ಎಕ್ಸ್. ಎಸ್ಸೆಮ್ಮೆಸ್‌ಗೆ ನೀವು ಮಾಡ್ತಿರೋದು ಸರಿ, ಅಲ್ಲಿ ಒಂದೇ ಒಂದು ಕನ್ನಡ ಅಕ್ಷರ ಬಂದ್ರೂ ಇಡೀ ಮೆಸೇಜ್ 70ರ ಲೆಕ್ಕಕ್ಕೆ ಬೀಳುತ್ತೆ. ಎಕ್ಸ್‌ನಲ್ಲಿ ಆ ವ್ಯತ್ಯಾಸ ಇಲ್ಲ.

ಸಾಗರದ_ಹುಡುಗ
ಮಾಡಿದೆ ಮೇಡಂ:

"ರಕ್ತದಾನ ಶಿಬಿರ. ಭಾನುವಾರ 9-1, ಹೈಸ್ಕೂಲ್. 18-65, 45+. ಖಾಲಿ ಹೊಟ್ಟೆ ಬೇಡ. ಶುಕ್ರವಾರ ನೋಂದಣಿ." ಮತ್ತೆ ಲಿಂಕ್.

ಈಗ ಜಾಗ ಬೇಜಾನ್ ಉಳಿದಿದೆ, ಆದ್ರೆ ಯಾಕೋ ಟೆಲಿಗ್ರಾಂ ತರ ಕಾಣ್ತಿದೆ.

ಗಿರಿಜಾ_ಪ್ರೂಫ್
ಅತಿಯಾಯ್ತು. 45+ ಅಂದ್ರೆ ಓದಿದವರು ವಯಸ್ಸು ಅಂದ್ಕೋತಾರೆ, ಪಕ್ಕದಲ್ಲೇ 18-65 ಇದೆಯಲ್ಲ, ಇಪ್ಪತ್ತೈದರ ಹುಡುಗ "ನಾನು ಬರೋ ಹಾಗಿಲ್ಲ" ಅಂತ ಮುಂದಕ್ಕೆ ಹೋಗ್ತಾನೆ. "ಕೆಜಿ" ಉಳಿಸಲೇಬೇಕು. "ಶುಕ್ರವಾರ ನೋಂದಣಿ" ಅಂದ್ರೆ ಶುಕ್ರವಾರ ಒಂದೇ ದಿನ ನೋಂದಣಿ ಅನ್ನೋ ಅರ್ಥ ಬರುತ್ತೆ, "ಒಳಗೆ" ಬಿದ್ದುಹೋಯ್ತು. ಅದೂ ಅಲ್ದೆ ಯಾವ ಶುಕ್ರವಾರ? ಈ ಪೋಸ್ಟ್ ಯಾರೋ ಹತ್ತು ದಿನ ಬಿಟ್ಟು ಶೇರ್ ಮಾಡ್ತಾರೆ. "ಜೂನ್ 12ರೊಳಗೆ" ಅನ್ನಿ, "ಶುಕ್ರವಾರದೊಳಗೆ" ಅನ್ನೋದಕ್ಕಿಂತ ಒಂದು ಕಮ್ಮಿನೇ ಆಗುತ್ತೆ. ಇನ್ನು ಊರಿನ ಹೆಸರು ನಿಮ್ಮ ಮೊದಲ ಡ್ರಾಫ್ಟ್‌ನಲ್ಲೂ ಇರ್ಲಿಲ್ಲ. ಕರಪತ್ರ ಊರಲ್ಲೇ ಹಂಚ್ತೀರಿ, ಅಲ್ಲಿ ಬೇಕಾಗಿಲ್ಲ, ಇದನ್ನ ಬೆಂಗಳೂರಲ್ಲಿ ಕೂತವರೂ ನೋಡ್ತಾರೆ.

ನಾನಾದ್ರೆ ಹೀಗೆ ಬರೀತೀನಿ:

"ರಕ್ತ ಕೊಡ್ತೀರಾ? ಜೂನ್ 12ರೊಳಗೆ ಹೆಸರು ಬರೆಸಿ: (ಲಿಂಕ್)
ಜೂನ್ 14 ಭಾನುವಾರ, ಬೆಳಿಗ್ಗೆ 9ರಿಂದ ಮಧ್ಯಾಹ್ನ 1, ಸಾಗರದ ಹೈಸ್ಕೂಲ್ ಸಭಾಂಗಣ.
18-65 ವಯಸ್ಸು, 45 ಕೆಜಿ ಮೇಲಿರೋ ಆರೋಗ್ಯವಂತರು ಕೊಡಬಹುದು. ತಿಂಡಿ ತಿಂದೇ ಬನ್ನಿ."

ಲಿಂಕಿನ 23 ಸೇರಿ 201 ಬಂತು, 79 ಉಳೀತು. ಕೆಲಸ ಹೇಳೋ ಸಾಲನ್ನ ಮೇಲೆ ತಂದಿದ್ದು ಬೇಕಂತಲೇ, ಮುಂದೆ ಯಾರೋ ಏನೋ ಸೇರಿಸಿ ಮತ್ತೆ ಕತ್ತರಿಸ್ಬೇಕಾಗಿ ಬಂದ್ರೆ ಎಲ್ಲರೂ ಬಾಲದಿಂದಲೇ ಕತ್ತರಿಸೋದು. ಸಮಯದ "ಬೆಳಿಗ್ಗೆ, ಮಧ್ಯಾಹ್ನ" ಜಾಗ ಇದ್ದಿದ್ದಕ್ಕೆ ಬಿಟ್ಟೆ, ತೀರಾ ಸಾಲದಿದ್ರೆ ಮೊದಲು ಹೋಗ್ಬೇಕಾದ್ದು ಅದೇ.

ಚುಟುಕು_ಚಂದ್ರು
ಇಷ್ಟೆಲ್ಲಾ ಯಾಕೆ, ಕರಪತ್ರದ ಫೋಟೋ ಹಾಕಿ ಮೇಲೆ "ಎಲ್ಲರೂ ಬನ್ನಿ" ಅಂದ್ರೆ ಮುಗೀತು. ಇಲ್ಲಾಂದ್ರೆ ಎರಡು ಪೋಸ್ಟ್ ಥ್ರೆಡ್ ಮಾಡಿ.

ಗಿರಿಜಾ_ಪ್ರೂಫ್
ಫೋಟೋ ಜೊತೆಗೆ ಹಾಕ್ಲಿ, ಬೇಡ ಅನ್ನಲ್ಲ, ಆದ್ರೆ ಫೋಟೋದಲ್ಲಿರೋ ಲಿಂಕ್ ಒತ್ತಕ್ಕಾಗಲ್ಲ, ಕಣ್ಣು ಕಾಣದವರ ಸ್ಕ್ರೀನ್ ರೀಡರ್‌ಗೆ ಆಲ್ಟ್ ಟೆಕ್ಸ್ಟ್ ಬರೀದೇ ಇದ್ರೆ ಅದೊಂದು ಖಾಲಿ ಚಿತ್ರ. ಥ್ರೆಡ್ ಮಾಡಿದ್ರೆ ಜನ ರೀಪೋಸ್ಟ್ ಮಾಡೋದು ಮೊದಲನೆಯದನ್ನ, ಲಿಂಕ್ ಎರಡನೆಯದರಲ್ಲಿ ಉಳ್ಕೊಂಡುಬಿಡುತ್ತೆ.

ಸಾಗರದ_ಹುಡುಗ
ಅಧ್ಯಕ್ಷರಿಗೆ ತೋರಿಸ್ದೆ. "ಕೊಡ್ತೀರಾ, ಬರೆಸಿ ಅನ್ನೋದೆಲ್ಲ ಸಂಘದ ಘನತೆಗೆ ಸರಿಹೋಗಲ್ಲ, ನೋಂದಾಯಿಸಿಕೊಳ್ಳಬೇಕಾಗಿ ಕೋರಲಾಗಿದೆ ಅಂತಲೇ ಇರ್ಲಿ, ವಿಶ್ವ ರಕ್ತದಾನಿಗಳ ದಿನ ಅನ್ನೋದೂ ಬೇಕು" ಅಂತಾರೆ.

ಗಿರಿಜಾ_ಪ್ರೂಫ್
ಘನತೆ ಬೇಕಿದ್ರೆ "ನೋಂದಾಯಿಸಿ" ಅನ್ನಿ, 9 ಅಷ್ಟೇ, "ಹೆಸರು ಬರೆಸಿ" 11 ಆಗುತ್ತೆ, ಅಂದ್ರೆ ಗ್ರಾಂಥಿಕ ಪದದಿಂದ ಉದ್ದ ಆಗಿದ್ದಲ್ಲ, ಆ "ಬೇಕಾಗಿ ಕೋರಲಾಗಿದೆ" ಬಾಲದಿಂದ, ಪೂರ್ತಿ ಹಾಕಿದ್ರೆ ಅದೇ 30. "ಕೊಡ್ತೀರಾ" ಬದಲು "ರಕ್ತದಾನ ಮಾಡಿ" ಅನ್ನಿ. ದಿನದ ಹೆಸರು ಸೇರಿಸೋಕೆ ಜಾಗ ಇದೆ, ಭಾನುವಾರದ ಮುಂದೆ "ವಿಶ್ವ ರಕ್ತದಾನಿಗಳ ದಿನ," ಹಾಕಿದ್ರೆ 22 ಹೋಗುತ್ತೆ. ಜೂನ್ 14 ರಕ್ತದ ಗುಂಪು ಕಂಡುಹಿಡಿದ ಲ್ಯಾಂಡ್‌ಸ್ಟೈನರ್ ಹುಟ್ಟಿದ ದಿನ, ತಾರೀಖು ಹೊಂದಿಕೊಂಡಿರೋದ್ರಿಂದ ಅಧ್ಯಕ್ಷರ ಮಾತಿಗೂ ಅರ್ಥ ಇದೆ.

ಶಾಂತಕ್ಕ_ಟೀಚರ್
ಒಂದು ಬಿಟ್ಟುಹೋಗಿದೆ ನೋಡಿ, ಹೋದ ಸಲ ಕೊಟ್ಟು ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಆಗಿರ್ಬೇಕು. ನಮ್ಮೆಜಮಾನ್ರು ಹೋಗಿ ವಾಪಸ್ ಬಂದ್ರು.

ಸಾಗರದ_ಹುಡುಗ
ಅದನ್ನ ಪೋಸ್ಟ್‌ಗೆ ಸೇರಿಸ್ಲಾ, ಫಾರ್ಮ್‌ನಲ್ಲಿ ಕೇಳ್ಲಾ?

ಗಿರಿಜಾ_ಪ್ರೂಫ್
ನನ್ನ ಪ್ರಕಾರ ಫಾರ್ಮ್‌ನಲ್ಲಿ ಮೊದಲ ಪ್ರಶ್ನೆಯಾಗಿ. ಪೋಸ್ಟ್ ಓದಿ ಲಿಂಕ್ ಒತ್ತಿದವರಿಗೆ ಮಾತ್ರ ಬೇಕಾದ ವಿಷ್ಯ ಅದು.

ಶಾಂತಕ್ಕ_ಟೀಚರ್
ಫಾರ್ಮ್ ತುಂಬದೇ ನೇರ ಬರೋರೇ ಜಾಸ್ತಿ ನಮ್ಮ ಕಡೆ. ನಾನಾದ್ರೆ ಪೋಸ್ಟ್‌ನಲ್ಲೇ ಹಾಕ್ತಿದ್ದೆ, ಜಾಗ ಇದೆಯಲ್ಲ.

ಸಾಗರದ_ಹುಡುಗ
ಬ್ಲಡ್ ಬ್ಯಾಂಕಿನವರನ್ನ ಕೇಳಿ ಹಾಕ್ತೀನಿ. ಅಧ್ಯಕ್ಷರು "ನೋಂದಾಯಿಸಿ"ಗೆ ಒಪ್ಪಿದ್ರು. "ಬೃಹತ್" ಮಾತ್ರ ಬಿಡಲ್ಲ ಅಂತಿದಾರೆ.