ಪದ ಬೇಕು: ಎಚ್‌ಐವಿ ಮಾತ್ರೆಯ ‘ಅಡ್ಹೆರೆನ್ಸ್’

ವಾರಿಜಾ: ಶುಶ್ರೂಷಕಿಯರ ಆಪ್ತಸಮಾಲೋಚನೆ ಕೈಪಿಡಿಯ ಅನುವಾದ ನಾಳೆ ಅಚ್ಚಿಗೆ ಹೋಗಬೇಕು. ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಗಳನ್ನು ದಿನವೂ ತಪ್ಪದೆ ನುಂಗುವುದಕ್ಕೆ ಹೇಳುವ ‘ಅಡ್ಹೆರೆನ್ಸ್’ಗೆ ‘ಪಾಲನೆ’ ಎಂದು ಬರೆದೆ. ಅದು ಅಪ್ಪಣೆಯಂತೆ ಕೇಳಿಸುತ್ತದೆ. ಬೇರೆ ಪದ ಹೇಳಿ.

ಶ್ರೀಧರ: ‘ಅಂಟಿಕೆ’. ಅಂಟು ಅಚ್ಚಗನ್ನಡದ ಧಾತು. ಸಂಸ್ಕೃತದ ಮುಂದೆ ಕೈಯೊಡ್ಡುವ ಚಟ ಬಿಡಿ.

ಮಾಲತಿ: ಅಂಟು ಬೇಡವೇ ಬೇಡ. ಮುಟ್ಟಿದರೆ ಎಚ್‌ಐವಿ ಅಂಟುವುದಿಲ್ಲ ಎಂದು ದಿನವೂ ಹೇಳುತ್ತೇವೆ. ಅಂಟುಜಾಡ್ಯದ ಧಾತುವನ್ನೇ ಹಾಳೆಯ ತಲೆಗೆ ಏರಿಸಿದರೆ ಓದುವವರು ಏನೆಂದುಕೊಳ್ಳುತ್ತಾರೆ?

ಪದಕ್ಕಿಂತ ಕೇಳುವ ರೀತಿ ಮುಖ್ಯ. ದಿನಕ್ಕೊಂದರಂತೆ 30 ಮಾತ್ರೆ ಒಯ್ದವರೊಬ್ಬರು 30 ದಿನಗಳ ನಂತರ 5 ಮಾತ್ರೆ ಉಳಿಸಿಕೊಂಡು ಬಂದರು. ಎಂದರೆ ನುಂಗಿದ್ದು ಶೇ. 83ರಷ್ಟು. ‘ಪಾಲಿಸಿದಿರಾ?’ ಎಂದಾಗ ‘ಹೌದು’ ಎಂದರು. ‘ಎಲ್ಲರಿಗೂ ಒಮ್ಮೊಮ್ಮೆ ತಪ್ಪುತ್ತದೆ, ನಿಮಗೆ ಯಾವ ದಿನ ತಪ್ಪಿತು?’ ಎಂದಾಗ, ನೆಂಟರು ಅದೇ ಕೋಣೆಯಲ್ಲಿ ಮಲಗಿದ ರಾತ್ರಿಗಳಲ್ಲಿ ಬಾಟಲಿ ತೆರೆಯಲು ಅಂಜಿದ್ದು ಹೊರಬಂತು. ಮಾತ್ರೆಯ ಹೊತ್ತನ್ನು ಬೆಳಿಗ್ಗೆಗೆ ಬದಲಿಸಿದೆವು. ಔಷಧ ಹೀಗೆ ಬಿಟ್ಟು ಬಿಟ್ಟು ಸಿಕ್ಕರೆ ವೈರಾಣು ಮತ್ತೆ ಹೆಚ್ಚುತ್ತದೆ, ಆ ಔಷಧಕ್ಕೆ ಜಗ್ಗದ ಬಗೆಯೂ ಹುಟ್ಟಬಹುದು.

ರಂಗನಾಥ: ರೋಗದೊಡನೆ ಹೋರಾಡುವ ಸಿಡಿ4 ರಕ್ತಕಣಗಳ ಎಣಿಕೆ 200ಕ್ಕಿಂತ ಇಳಿದರೆ ಏಡ್ಸ್. ಆ ಕೊನೆಯ ಹಂತದಲ್ಲಿ ಮಾತ್ರ ಈ ಮಾತ್ರೆ ಅಲ್ಲವೇ? ‘ಸುಪ್ತ ಹಂತ’ದವರಿಗೆ ಏಕೆ ಈ ಪದ?

ಮಾಲತಿ: 200ರ ಮಾತು ಸರಿ, ಉಳಿದದ್ದು ಹಳೆಯದು. ಸಿಡಿ4 ಎಷ್ಟೇ ಇರಲಿ ಚಿಕಿತ್ಸೆ ಆರಂಭಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ‘ಸುಪ್ತ’ವೂ ದಾರಿ ತಪ್ಪಿಸುತ್ತದೆ. ಆರಂಭದ ಜ್ವರ ಹೋದ ಮೇಲೆ ವರ್ಷಗಟ್ಟಲೆ ಲಕ್ಷಣವಿರುವುದಿಲ್ಲ, ಆದರೆ ವೈರಾಣು ಮಲಗಿರುವುದಿಲ್ಲ. ‘ನನಗೇನೂ ಆಗಿಲ್ಲವಲ್ಲ’ ಎಂದು ಮಾತ್ರೆ ಬಿಡುವವರು ಹೆಚ್ಚಾಗಿ ಆ ಹಂತದವರೇ. ‘ಲಕ್ಷಣವಿಲ್ಲದ ಹಂತ’ ಎಂದು ಬರೆಯಿರಿ.

ಗಿರಿಜಾ: ನನಗೂ ತುರ್ತು. ವಾರ್ಡಿನ ಫಲಕಕ್ಕೆ ‘ಎಚ್‌ಐವಿ ಮಾಹಿತಿಯ ಗೌಪ್ಯತೆ ಕಾಪಾಡಿ’ ಸರಿಯೇ?

ಶ್ರೀಧರ: ‘ಗೌಪ್ಯತೆ’ ತಪ್ಪು, ‘ಸೌಂದರ್ಯತೆ’ಯಷ್ಟೇ ತಪ್ಪು. ‘ಗೋಪ್ಯತೆ’ ಎನ್ನಿ, ಇಲ್ಲವೇ ನಮ್ಮದೇ ‘ಗುಟ್ಟು’ ಇದೆ.

ಮಾಲತಿ: ‘ಗುಟ್ಟು’ ಎಂದರೆ ಬಚ್ಚಿಡಬೇಕಾದ ತಪ್ಪೇನೋ ಇದೆ ಎನಿಸುತ್ತದೆ. ಇಷ್ಟಕ್ಕೂ ಆ ಫಲಕ ಒಂದೇ ಹಾಸಿಗೆಯ ಮೇಲೆ ತೂಗಿದರೆ ಗುಟ್ಟು ರಟ್ಟಾದಂತೆಯೇ. ‘ಎಲ್ಲ ರೋಗಿಗಳ ಮಾಹಿತಿ ಗೋಪ್ಯ’ ಎಂದು ಬರೆದು ಎಲ್ಲ ಕಡೆ ಹಾಕಿ. ಕಡತದ ಹೊರಮೈಯಲ್ಲಿ ಎಚ್‌ಐವಿ ಎಂಬ ಅಕ್ಷರಗಳೇ ಬೇಡ. ರಕ್ತ ಮುಟ್ಟುವಾಗ ಕೈಗವಸು ಎಲ್ಲ ರೋಗಿಗಳಿಗೂ ಹಾಕುತ್ತೀರಿ, ಬೇರೆ ಗುರುತಿನ ಅಗತ್ಯವೇ ಇಲ್ಲ.

ಶ್ರೀಧರ: ಸಂಸ್ಕೃತವನ್ನು ಹಿಂಬಾಗಿಲಿನಿಂದ ತಂದಿರಿ.

ವಾರಿಜಾ: ಶೀರ್ಷಿಕೆಗೆ ‘ಮಾತ್ರೆ ತಪ್ಪದಿರಲು’ ಎಂದು ಹಾಕುತ್ತಿದ್ದೇನೆ. ‘ಯಾವ ದಿನ ತಪ್ಪಿತು?’ ಎಂಬ ಮಾಲತಿಯವರ ಪ್ರಶ್ನೆಯನ್ನು ಇದ್ದ ಹಾಗೆಯೇ ಸೇರಿಸುತ್ತೇನೆ. ಒಳಪುಟಗಳಲ್ಲಿ ನಾಮಪದ ಬೇಕಾದಲ್ಲಿ ‘ಬದ್ಧತೆ’ ನಡೆಯುತ್ತದೆಯೇ? ಅದೂ ರೋಗಿಯನ್ನು ಕಟ್ಟಿಹಾಕಿದಂತೆ ಕಾಣುತ್ತಿದೆ.