ಚೀನೀ ರಫ್ತು ಘೋಷಣೆಯ 件数 ಅಂಕಣ: ಇನ್‌ವಾಯ್ಸ್‌ನೊಂದಿಗೆ ಸಂಖ್ಯೆ ಹೊಂದುತ್ತಿಲ್ಲ

ನುಡಿಸೇತು: ಯಿವು ನಗರದ ಒಬ್ಬ ಸಣ್ಣ ರಫ್ತುದಾರರಿಗಾಗಿ ಸ್ಟೀಲ್ ಬಾಟಲಿಗಳ ಕಸ್ಟಮ್ಸ್ ಘೋಷಣೆಯನ್ನು ಇಂಗ್ಲಿಷಿಗೆ ಅನುವಾದಿಸಿದ್ದೇನೆ. 件数 ಎಂಬಲ್ಲಿ 6 ಎಂದಿತ್ತು, ನಾನು `Pieces: 6` ಎಂದು ಬರೆದೆ. ಆದರೆ ಇನ್‌ವಾಯ್ಸ್‌ನಲ್ಲಿ 2,880 ಬಾಟಲಿಗಳೂ ಪ್ಯಾಕಿಂಗ್ ಲಿಸ್ಟ್‌ನಲ್ಲಿ 120 ಪೆಟ್ಟಿಗೆಗಳೂ ಇವೆ. ಮುಂಬೈಯಲ್ಲಿರುವ ಖರೀದಿದಾರರ ಏಜೆಂಟರು ಅನುವಾದವನ್ನು ಎರಡು ಬಾರಿ ಹಿಂದಿರುಗಿಸಿದ್ದಾರೆ. ಘೋಷಣೆಯೇ ತಪ್ಪಿದೆಯೆ?

ಹಳೆಬಂದರು: ಮೊದಲು ವ್ಯಾಪಾರದ ಷರತ್ತು ಬರೆಯುವ 成交方式 ಅಂಕಣ ನೋಡಿ. ಇನ್‌ವಾಯ್ಸ್‌ನಲ್ಲಿ FCA, ಘೋಷಣೆಯಲ್ಲಿ FOB ಇದ್ದರೆ ಏಜೆಂಟರು ಖಂಡಿತ ಆಕ್ಷೇಪಿಸುತ್ತಾರೆ.

ನುಡಿಸೇತು: ಹಾಗೆಯೇ ಇದೆ ಸರ್, ಆದರೆ ಅವರ ತಕರಾರು ಸಂಖ್ಯೆಯ ಬಗ್ಗೆ ಮಾತ್ರ.

ಹಳೆಬಂದರು: ಒಂದು ಕಡೆ ಹೊಂದದಿದ್ದರೆ ಎಲ್ಲವನ್ನೂ ಶಂಕಿಸುತ್ತಾರೆ. ಅದನ್ನು FCA ಎಂದು ತಿದ್ದಿ ಕಳುಹಿಸಿ.

ಕರಾವಳಿ ಟ್ರೇಡರ್: ನಾನು ಚೀನಾದಿಂದ ಟೈಲ್ಸ್ ತರಿಸುತ್ತೇನೆ. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಬಿಲ್ ಆಫ್ ಲೇಡಿಂಗ್ ಇಷ್ಟರಲ್ಲೇ ನನ್ನ ಸರಕು ಬಿಡುಗಡೆಯಾಗುತ್ತದೆ. ಈ ಘೋಷಣೆಯನ್ನು ಅನುವಾದಿಸುವ ಅಗತ್ಯವಾದರೂ ಏನಿತ್ತು?

ವನಮಾಲಾ: ಖರೀದಿದಾರರು ಕೇಳಿದ ಮೇಲೆ ಕೊಡಬೇಕಾಗುತ್ತದೆ. ಹಳೆಬಂದರು ಅವರೇ, ದಯವಿಟ್ಟು ತಿದ್ದಲು ಹೇಳಬೇಡಿ. ಚೀನೀ ನಮೂನೆಯಲ್ಲಿ FCA ವ್ಯವಹಾರವನ್ನೂ FOB ಎಂದೇ ತುಂಬುತ್ತಾರೆ. ಅನುವಾದಕರು ಇದ್ದದ್ದನ್ನು ಇದ್ದಂತೆಯೇ ಬರೆಯಬೇಕು. ನುಡಿಸೇತು ಅವರೇ, 件数 ಪಕ್ಕದಲ್ಲಿ ಪ್ಯಾಕಿಂಗ್ ಬಗೆ ಬರೆಯುವ 包装种类 ಅಂಕಣದಲ್ಲಿ ಏನಿದೆ, ಬಿಲ್ ಆಫ್ ಲೇಡಿಂಗ್‌ನಲ್ಲಿ ಏನಿದೆ ಎಂಬುದನ್ನು ನೀವು ಹೇಳಲೇ ಇಲ್ಲ.

ನುಡಿಸೇತು: ಅದು ಮುಖ್ಯವೆಂದು ಅನ್ನಿಸಲಿಲ್ಲ ಮೇಡಂ. 天然木托 ಎಂದಿದೆ. ಬಿಲ್‌ನಲ್ಲಿ `6 PALLETS` ಇದೆ.

ವನಮಾಲಾ: ಹಾಗಾದರೆ ಘೋಷಣೆ ಸರಿಯಾಗಿಯೇ ಇದೆ. ದಿನಬಳಕೆಯಲ್ಲಿ 件 ಒಂದೊಂದು ವಸ್ತುವನ್ನು ಎಣಿಸುವ ಪದವಾದರೂ ಈ ಅಂಕಣದಲ್ಲಿ ಸಾಗಣೆಯ ಕಟ್ಟುಗಳನ್ನು ಎಣಿಸುತ್ತಾರೆ, ಮತ್ತು ಸರಕು ಪ್ಯಾಲೆಟ್‌ಗಳ ಲೆಕ್ಕದಲ್ಲಿ ಹಡಗಿನ ಪಟ್ಟಿಗೆ ಸೇರಿದ್ದರೆ ಇಲ್ಲಿಯೂ ಪ್ಯಾಲೆಟ್‌ಗಳ ಸಂಖ್ಯೆಯನ್ನೇ ಬರೆಯುತ್ತಾರೆ. ಪೆಟ್ಟಿಗೆಗೆ 24 ಬಾಟಲಿ, ಪ್ಯಾಲೆಟ್‌ಗೆ 20 ಪೆಟ್ಟಿಗೆ ಎಂದು ಲೆಕ್ಕ ಹಾಕಿದರೆ ನಿಮ್ಮ ಮೂರೂ ಸಂಖ್ಯೆಗಳು ಹೊಂದುತ್ತವೆ. ಪ್ಯಾಕಿಂಗ್ ಲಿಸ್ಟ್‌ನಲ್ಲಿ ಹಾಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಬಾಟಲಿಗಳ ಸಂಖ್ಯೆ ಕೆಳಗೆ ಸರಕಿನ ಸಾಲಿನಲ್ಲಿ, 数量及单位 ಎಂಬಲ್ಲಿ ಇರಬೇಕು. ಹೀಗೆ ಬರೆಯಿರಿ:

```
Number of packages: 6
Type of packing: natural wood pallet
```

ಹಳೆಬಂದರು: ಒಪ್ಪಿದೆ. ಆದರೂ FCA ಬಗ್ಗೆ ಒಂದು ವಿವರಣೆ ಜೊತೆಗಿರಲಿ.

ವನಮಾಲಾ: ಅದನ್ನು ರಫ್ತುದಾರರು ತಮ್ಮ ಪತ್ರದಲ್ಲಿ ಬರೆಯಲಿ, ಅನುವಾದದೊಳಗೆ ಬೇಡ. ನೈಸರ್ಗಿಕ ಮರದ ಪ್ಯಾಲೆಟ್ ಆದ್ದರಿಂದ ಅದರ ಮೇಲೆ ಮರದ ಕೀಟನಿವಾರಣೆ ಆಗಿದೆ ಎಂದು ತೋರಿಸುವ ISPM 15 ಮುದ್ರೆ ಇದೆಯೇ ಎಂದೂ ಅವರನ್ನೇ ಕೇಳಿ.

ನುಡಿಸೇತು: ಪೆಟ್ಟಿಗೆಗೆ 24, ಪ್ಯಾಲೆಟ್‌ಗೆ 20 ಎಂದೇ ಇದೆ. 2,880 ಸಹ ನೀವು ಹೇಳಿದಲ್ಲೇ ಸಿಕ್ಕಿತು. ಆದರೆ ಒಟ್ಟು ತೂಕದ 毛重 ಅಂಕಣದಲ್ಲಿ 1,230 ಕಿಲೋ ಇದ್ದರೆ ಪ್ಯಾಕಿಂಗ್ ಲಿಸ್ಟ್‌ನಲ್ಲಿ 1,140 ಇದೆ.

ವನಮಾಲಾ: ವ್ಯತ್ಯಾಸ 90 ಕಿಲೋ, ಅಂದರೆ ಪ್ಯಾಲೆಟ್ ಒಂದಕ್ಕೆ 15. ಮರದ ತೂಕವೇ ಇರಬಹುದು, ಆದರೆ ಊಹೆಯಿಂದ ಯಾವುದನ್ನೂ ಬದಲಿಸಬೇಡಿ. ಖಾಲಿ ಪ್ಯಾಲೆಟ್‌ನ ತೂಕವನ್ನು ರಫ್ತುದಾರರಿಂದ ಬರಹದಲ್ಲಿ ಪಡೆಯಿರಿ.

ನುಡಿಸೇತು: ಕೇಳಿದ್ದೇನೆ. ಗೋದಾಮಿನವರು ನಾಳೆ ತೂಗಿ ತಿಳಿಸುವುದಾಗಿ ಹೇಳಿದ್ದಾರೆ.