ಅಳತೆಯ ಸಾಲು ಕ್ಯಾಪ್ಷನ್ ಹಿಂದೆ ಹೋಗುತ್ತಿದೆ, ಸ್ಕ್ರಿಪ್ಟ್ ಹೇಗೆ ಬರೆಯಲಿ?

ಹಿಟ್ಟಿನಕೋಲು
ರಾಗಿ ಮುದ್ದೆಯ ಒಂದು ರೀಲ್ ಹಾಕಿದ್ದೇನೆ, 1080x1920. ಪಾತ್ರೆಯನ್ನು ಎದುರಿನಿಂದ ಶೂಟ್ ಮಾಡಿ, ಅಳತೆಯನ್ನು ಟಿವಿಯಲ್ಲಿ ಬರುವ ಹಾಗೆ ಕೆಳಗೆ ಕೊಟ್ಟಿದ್ದೇನೆ. ಎಡಿಟ್ ಮಾಡುವಾಗ ಎಲ್ಲ ಕಾಣುತ್ತಿತ್ತು. ಅಪ್‌ಲೋಡ್ ಆದ ಮೇಲೆ ಆ ಸಾಲಿನ ಮೇಲೆಯೇ ಖಾತೆಯ ಹೆಸರು, ಕ್ಯಾಪ್ಷನ್ ಬಂದು ಕೂತಿವೆ. "ನೀರು ಎಷ್ಟು ಹಾಕಬೇಕು?" ಅಂತ ಕಮೆಂಟ್‌ನಲ್ಲಿ ಕೇಳುತ್ತಲೇ ಇದ್ದಾರೆ.

ಮಾತು ಹೀಗಿದೆ: "ಪಾತ್ರೆಗೆ ಇಷ್ಟು ನೀರು ಹಾಕಿ. ಕುದಿ ಬಂದ ಮೇಲೆ ಇಷ್ಟು ಹಿಟ್ಟು ಹಾಕಿ."

ಪರದೆ ಮೇಲೆ: "2 ಲೋಟ ನೀರಿಗೆ 1 ಲೋಟ ರಾಗಿ ಹಿಟ್ಟು, ಚಿಟಿಕೆ ಉಪ್ಪು, ಸಣ್ಣ ಉರಿಯಲ್ಲಿ 5 ನಿಮಿಷ ಮುಚ್ಚಿ ಬೇಯಿಸಿ."

ಇದನ್ನೇ ಮತ್ತೆ ಶೂಟ್ ಮಾಡಬೇಕು ಅಂತಿದ್ದೇನೆ. ಎಲ್ಲಿ ಬದಲಾಯಿಸಲಿ?

ರಾತ್ರಿಎಡಿಟ್
ಫಾಂಟ್ ಸಣ್ಣದು ಮಾಡಿ, ಸಾಲನ್ನು ನಟ್ಟನಡುವೆ ಇಡಿ. ಅಲ್ಲಿ ಯಾವ ಬಟನ್ನೂ ಬರಲ್ಲ. ಸ್ಕ್ರಿಪ್ಟ್ ಮುಟ್ಟೋದೇ ಬೇಡ.

ಮಲ್ಲಿಗೆಬುಟ್ಟಿ
ನನಗೂ ಇದೇ ಕಾಟ. ಪ್ರೊಫೈಲ್‌ನಲ್ಲಿ ನೋಡಿದರೆ ಕವರ್ ಚಿತ್ರದ ಶೀರ್ಷಿಕೆ ಅರ್ಧಕ್ಕೆ ಕಟ್ ಆಗಿರುತ್ತೆ.

ಕತ್ತರಿಮೇಜು
ಮಲ್ಲಿಗೆಬುಟ್ಟಿ ಅವರೇ, ನಿಮ್ಮದು ಬೇರೆ ವಿಷಯ. ಇನ್‌ಸ್ಟಾಗ್ರಾಂ ಪ್ರೊಫೈಲ್ ಗ್ರಿಡ್ 2025ರಿಂದ 3:4 ಆಗಿದೆ. ಅಲ್ಲಿ 1920ರ ಚಿತ್ರದ ಮೇಲೆ 240, ಕೆಳಗೆ 240 ಪಿಕ್ಸೆಲ್ ಹೋಗುತ್ತದೆ. ಶೀರ್ಷಿಕೆಯನ್ನು ಅದರ ಒಳಗೆ ತನ್ನಿ, ಸಾಕು.

ಹಿಟ್ಟಿನಕೋಲು ಅವರೇ, ನಡುವೆ ಇಡಬೇಕು ಅನ್ನುವುದು ಒಂದು ಮಟ್ಟಿಗೆ ಸರಿ. ಆದರೆ ಅಲ್ಲಿ ನಿಮ್ಮ ಪಾತ್ರೆ ಇದೆಯಲ್ಲ, ಅಕ್ಷರ ಅದನ್ನೇ ಮುಚ್ಚುತ್ತದೆ. ಫಾಂಟ್ ಸಣ್ಣದಾದರೆ ಫೋನಿನಲ್ಲಿ ಓದೋಕೇ ಆಗಲ್ಲ.

ರೀಲ್ಸ್ ಜಾಹೀರಾತುಗಳಿಗೆ ಮೆಟಾ ಒಂದು ಲೆಕ್ಕ ಕೊಟ್ಟಿದೆ: ಮೇಲೆ ಶೇ. 14, ಕೆಳಗೆ ಶೇ. 35, ಎರಡು ಬದಿಗೆ ಶೇ. 6 ಬಿಡಿ ಅಂತ. ನಾನು ಮಾಮೂಲಿ ರೀಲ್‌ಗೂ ಅದನ್ನೇ ಹಿಡಿಯುತ್ತೇನೆ. ಮೇಲೆ ಸುಮಾರು 270, ಕೆಳಗೆ 670 ಹೋದರೆ ಉಳಿಯುವುದು 980 ಎತ್ತರ, 950 ಅಗಲ. ಚಿತ್ರ ಉದ್ದ ಇದ್ದರೂ ಅಕ್ಷರಕ್ಕೆ ಸಿಗುವುದು ಹೆಚ್ಚುಕಡಿಮೆ ಒಂದು ಚೌಕ. ಅದರ ಬಲಗಡೆ ಕೆಳಗೆ ಲೈಕ್, ಶೇರ್ ಬಟನ್‌ಗಳೂ ಬರುತ್ತವೆ.

ಅದಕ್ಕೇ ಸ್ಕ್ರಿಪ್ಟ್ ಮುಟ್ಟಲೇಬೇಕು. ಕ್ಯಾಮೆರಾ ಸ್ವಲ್ಪ ಮೇಲಿನಿಂದ ಇಟ್ಟು, ಪಾತ್ರೆಯ ಬಾಯಿ ಆ ಚೌಕದ ಕೆಳಭಾಗಕ್ಕೆ ಬರುವಂತೆ ನೋಡಿಕೊಳ್ಳಿ. ಒಲೆ ಕ್ಯಾಪ್ಷನ್ ಹಿಂದೆ ಹೋದರೆ ನಷ್ಟವೇನೂ ಇಲ್ಲ. ಪಾತ್ರೆಯ ಮೇಲಿನ ಖಾಲಿ ಜಾಗ ಅಕ್ಷರಕ್ಕೆ. ನೀರು ಸುರಿಯುವ ಕೈ ಮೇಲಿನಿಂದ ಬಂದರೆ ಅಕ್ಷರಕ್ಕೆ ಅಡ್ಡ ಬರುತ್ತದೆ, ಬಲದಿಂದ ಬಂದರೆ ಬಟನ್‌ಗಳ ಹಿಂದೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ "ಎಡದಿಂದ ಕೈ" ಅಂತ ಸ್ಕ್ರಿಪ್ಟ್‌ನಲ್ಲೇ ಬರೆದಿಡಿ.

ಇನ್ನು ಮಾತು. "ಇಷ್ಟು" ಅಂದಿದ್ದೀರಿ, ಎಷ್ಟು ಅನ್ನುವುದು ಅಕ್ಷರದಲ್ಲಿ ಮಾತ್ರ ಇದೆ. ಅಕ್ಷರ ಮುಚ್ಚಿಹೋದರೆ ಅಡುಗೆಯೇ ಗೊತ್ತಾಗಲ್ಲ. ಅಂಕಿ ಬಾಯಲ್ಲೂ ಬರಲಿ, ಅಕ್ಷರದಲ್ಲೂ ಬರಲಿ, ಯಾಕಂದರೆ ಎಷ್ಟೋ ಜನ ಸೌಂಡ್ ಇಲ್ಲದೆ ನೋಡುತ್ತಾರೆ. ನಿಮ್ಮ ಉದ್ದದ ಸಾಲನ್ನು ಶಾಟ್‌ಗೆ ಒಂದರಂತೆ ಒಡೆಯಿರಿ:

ಮಾತು: "ಎರಡು ಲೋಟ ನೀರು ಕುದಿಯಲಿ." ಅಕ್ಷರ: 2 ಲೋಟ ನೀರು
ಮಾತು: "ಈಗ ಒಂದು ಲೋಟ ಹಿಟ್ಟು." ಅಕ್ಷರ: 1 ಲೋಟ ರಾಗಿ ಹಿಟ್ಟು
ಮಾತು: "ಉರಿ ಸಣ್ಣ ಮಾಡಿ, ಐದು ನಿಮಿಷ ಮುಚ್ಚಿಡಿ." ಅಕ್ಷರ: ಸಣ್ಣ ಉರಿ, 5 ನಿಮಿಷ

ಉಪ್ಪು ಮಾತಿನಲ್ಲಿ ಬಂದರೆ ಸಾಕು. ಪ್ರತಿ ಶಾಟ್‌ನ ಪಕ್ಕ "ಖಾಲಿ ಜಾಗ ಎಲ್ಲಿ" ಅಂತ ಬರೆಯಿರಿ. ಜಾಗ ಇಲ್ಲದಿದ್ದರೆ ಶಾಟ್ ಬದಲಾಯಿಸಿ, ಇಲ್ಲವೇ ಅಕ್ಷರ ಬಿಡಿ.

ಹಿಟ್ಟಿನಕೋಲು
ತುಂಬಾ ಥ್ಯಾಂಕ್ಸ್. "1 ಲೋಟ ರಾಗಿ ಹಿಟ್ಟು" ದಪ್ಪ ಅಕ್ಷರದಲ್ಲಿ ಒಂದೇ ಸಾಲಿಗೆ ಹಿಡಿಯುತ್ತಿಲ್ಲ. ಬೇರೆ ಕಡೆ ಎರಡು ಸಾಲು ಮಾಡಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತೆ.

ಕತ್ತರಿಮೇಜು
ರಾಗಿ ಅಂತ ಚಿತ್ರದಲ್ಲೇ ಕಾಣುತ್ತಲ್ವಾ, "1 ಲೋಟ ಹಿಟ್ಟು" ಸಾಕು. ಎರಡು ಸಾಲು ಬೇಕೇ ಬೇಕಾದ ಕಡೆ ಸಾಲುಗಳ ನಡುವಿನ ಅಂತರ ಜಾಸ್ತಿ ಮಾಡಿ. ಎಡಿಟರ್‌ಗಳ ಡೀಫಾಲ್ಟ್ ಅಂತರ ಕನ್ನಡದ ಒತ್ತಕ್ಷರಕ್ಕೆ ಸಾಲದಿರುವುದೇ ಹೆಚ್ಚು. ಉದ್ದ ಕ್ಯಾಪ್ಷನ್ ಇರುವ ನಿಮ್ಮದೇ ಹಳೆ ರೀಲ್ ಒಂದರ ಸ್ಕ್ರೀನ್‌ಶಾಟ್ ತೆಗೆದು, ಎಡಿಟರ್‌ನಲ್ಲಿ ಅರೆಪಾರದರ್ಶಕವಾಗಿ ಮೇಲಿನ ಪದರವಾಗಿ ಇಡಿ. ಯಾವುದು ಮುಚ್ಚಿಹೋಗುತ್ತೆ ಅಂತ ಆಗಲೇ ಗೊತ್ತಾಗುತ್ತದೆ. ಎಕ್ಸ್‌ಪೋರ್ಟ್ ಮಾಡುವ ಮೊದಲು ಆ ಪದರ ತೆಗೆಯಿರಿ.

ರಾತ್ರಿಎಡಿಟ್
ಸರಿ, ಒಪ್ಪಿದೆ. ಅದೇ ಫೈಲ್ ಶಾರ್ಟ್ಸ್‌ಗೂ ಹಾಕಬಹುದಾ?

ಕತ್ತರಿಮೇಜು
ಈ ಚೌಕದೊಳಗಿದ್ದರೆ ಹಾಕಬಹುದು. ಅಲ್ಲೂ ಬಟನ್‌ಗಳು ಬಲಕ್ಕೆ, ಚಾನೆಲ್ ಹೆಸರು ಮತ್ತು ಶೀರ್ಷಿಕೆ ಕೆಳಗೆ. ಪೂರ್ತಿ ಮಾತಿನ ಸಬ್‌ಟೈಟಲ್ ಮಾತ್ರ ಅಳತೆಯ ಶಾಟ್‌ಗಳಲ್ಲಿ ಬೇಡ, ಎರಡು ಥರದ ಅಕ್ಷರ ಒಂದೇ ಜಾಗಕ್ಕೆ ಜಗಳ ಆಡುತ್ತವೆ.

ಮಲ್ಲಿಗೆಬುಟ್ಟಿ
ಇದಕ್ಕೆ ನಾನು ಒಪ್ಪಲ್ಲ. ನನ್ನ ತಂಗಿಗೆ ಕಿವಿ ಕೇಳಿಸಲ್ಲ. ಉಪ್ಪಿನ ಮಾತನ್ನು ನೀವು ಬಾಯಿಗೆ ಮಾತ್ರ ಬಿಟ್ಟಿರಿ. ಅವಳಿಗೆ ಅದು ಗೊತ್ತೇ ಆಗಲ್ಲ.

ಕತ್ತರಿಮೇಜು
ಉಪ್ಪಿನ ಮಾತು ನಿಜ, "ಚಿಟಿಕೆ ಉಪ್ಪು" ಅಂತ ಅದಕ್ಕೂ ಒಂದು ಶಾಟ್ ಕೊಡಿ. ಆದರೆ ಪೂರ್ತಿ ಸಬ್‌ಟೈಟಲ್‌ಗೂ ಅಳತೆಗೂ ಪಾತ್ರೆಗೂ ಒಟ್ಟಿಗೆ ಅಲ್ಲಿ ಜಾಗ ಮಾಡುವ ದಾರಿ ನನಗೆ ಕಾಣುತ್ತಿಲ್ಲ. ಯಾರಾದರೂ ಮಾಡಿದ್ದರೆ ಫ್ರೇಮ್ ಹಾಕಿ.